ಮೊದಲ ದಿನ ಲೆಕ್ಕಕ್ಕುಂಟೇ?

ಸೋಮವಾರ ದರ್ಜಿಯ ಅಂಗಡಿಗೆ ಹೋಗಿ ಅಳತೆ ಕೊಟ್ಟಿರಿ ಅಂದುಕೊಳ್ಳಿ. “ಎಂಟು ದಿನ ಬಿಟ್ಟು ಬನ್ನಿ” ಅಂದ ದರ್ಜಿ. ನೀವು ಮತ್ತೆ ಹೋಗುವುದು ಮುಂದಿನ ಸೋಮವಾರ. ಮಂಗಳವಾರ ಅಲ್ಲ. ಬೆರಳು ಮಡಚಿ ಎಣಿಸಿದರೆ ನಡುವೆ ಇರುವುದು ಏಳೇ ದಿನ. ಆದರೂ ದರ್ಜಿ ಎಂಟು ಅನ್ನುತ್ತಾನೆ, ನಾವೂ ಹೌದು ಅನ್ನುತ್ತೇವೆ. ಯಾಕೆಂದರೆ ಅವನೂ ನಾವೂ ಇವತ್ತನ್ನೇ ಒಂದು ಎಂದು ಎಣಿಸಿರುತ್ತೇವೆ. ಹನ್ನೊಂದನೆಯ ದಿನದ ನಾಮಕರಣಕ್ಕೆ ಮಗು ಹುಟ್ಟಿದ ದಿನವೇ ಮೊದಲ ದಿನ. ಸೂತಕ ಎಣಿಸುವಾಗಲೂ ಸಾವಾದ ದಿನ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಮನೆಗಳ ಲೆಕ್ಕವೇ ಹೀಗೆ.

ಇದೇ ಲೆಕ್ಕವನ್ನು ಹೊತ್ತುಕೊಂಡು ವಕೀಲರ ಕಚೇರಿಗೆ ಬಂದವರಿಗೆ ಸಮಸ್ಯೆ ಶುರುವಾಗುತ್ತದೆ. ಅಲ್ಲಿ ಮೊದಲ ದಿನ ಒಂದಲ್ಲ, ಸೊನ್ನೆ. ಸಾಮಾನ್ಯವಾಗಿ ಸೊನ್ನೆ ಎಂದು ಹೇಳಬೇಕು, ಏಕೆಂದರೆ ಅದು ಒಂದಾಗುವ ಜಾಗವೂ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಒಂದು ದಿನದ ಈ ವ್ಯತ್ಯಾಸದಿಂದ ಗಟ್ಟಿ ಕೇಸುಗಳು ಬಿದ್ದುಹೋಗಿವೆ. ಸಾಲ ಕೊಟ್ಟದ್ದು ನಿಜ, ಚೆಕ್ ಬೌನ್ಸ್ ಆದದ್ದು ನಿಜ, ಸಹಿಯೂ ಅವರದ್ದೇ. ಆದರೆ ನೋಟಿಸು ಮೂವತ್ತೊಂದನೆಯ ದಿನ ಅಂಚೆಗೆ ಬಿತ್ತು ಎಂಬ ಒಂದೇ ಕಾರಣಕ್ಕೆ ಎಲ್ಲವೂ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಈ ಲೆಕ್ಕವನ್ನು ಚೆಕ್ ಬೌನ್ಸ್ ಪ್ರಕರಣದ ಮೂಲಕವೇ ನೋಡುವುದು ಒಳ್ಳೆಯದು. ಸಾಮಾನ್ಯ ಜನ ದಿನ ಎಣಿಸಿ ಸೋಲುವುದು ಹೆಚ್ಚಾಗಿ ಅಲ್ಲೇ.

ಮೊದಲ ದಿನವನ್ನು ಯಾಕೆ ಬಿಡುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳೋಣ. ನೋಟಿಸು ನಿಮ್ಮ ಕೈಗೆ ಮಧ್ಯಾಹ್ನ ಮೂರು ಗಂಟೆಗೆ ಬಂತು, ಹದಿನೈದು ದಿನದೊಳಗೆ ಹಣ ಕಟ್ಟಬೇಕು. ಆ ದಿನವನ್ನೂ ಎಣಿಸಿಬಿಟ್ಟರೆ ನಿಮಗೆ ಸಿಗುವುದು ಹದಿನಾಲ್ಕು ಪೂರ್ತಿ ದಿನ ಮತ್ತು ಒಂಬತ್ತು ಗಂಟೆ. ಬೆಳಿಗ್ಗೆ ಹತ್ತಕ್ಕೆ ನೋಟಿಸು ಬಂದವನಿಗೆ ನಿಮಗಿಂತ ಐದು ಗಂಟೆ ಹೆಚ್ಚು ಸಿಗುತ್ತದೆ. ಕಾನೂನು ದಿನವನ್ನು ತುಂಡು ಮಾಡಿ ಎಣಿಸಲಾರದು, ಯಾವ ಗಂಟೆಗೆ ಬಂತು ಎಂದು ಪ್ರತಿ ಕೇಸಿನಲ್ಲೂ ಸಾಕ್ಷಿ ಕರೆಸಲಾರದು. ಹಾಗಾಗಿ ಆ ಅರ್ಧಂಬರ್ಧ ದಿನವನ್ನು ಪೂರ್ತಿ ಬಿಟ್ಟು, ಮರುದಿನದಿಂದ ಒಂದು, ಎರಡು ಎಂದು ಎಣಿಸುತ್ತದೆ. ಇದು ಹಳೆಯ ತರ್ಕ. ಇಂಗ್ಲೆಂಡಿನಲ್ಲಿ 1808ರಲ್ಲಿ ತೀರ್ಮಾನವಾದ ಲೆಸ್ಟರ್ ಮತ್ತು ಗಾರ್ಲೆಂಡ್ ನಡುವಿನ ಪ್ರಕರಣದಲ್ಲಿ ಒಂದು ಉಯಿಲು ಇತ್ತು. ಉಯಿಲು ಬರೆದವರು ತೀರಿಕೊಂಡ ಆರು ತಿಂಗಳೊಳಗೆ ಒಂದು ಭದ್ರತಾ ಪತ್ರ ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ಅವರು ತೀರಿಕೊಂಡದ್ದು ಜನವರಿ 12ರಂದು, ಪತ್ರ ಬಂದದ್ದು ಜುಲೈ 12ರಂದು. ಸಾವಿನ ದಿನವನ್ನು ಸೇರಿಸಿದರೆ ಆರು ತಿಂಗಳು ಜುಲೈ 11ಕ್ಕೇ ಮುಗಿದಿತ್ತು. ನ್ಯಾಯಾಲಯ ಸಾವಿನ ದಿನವನ್ನು ಬಿಟ್ಟು ಎಣಿಸಿತು, ಪತ್ರ ಸಕಾಲಕ್ಕೆ ಬಂದಂತಾಯಿತು.

ನಮ್ಮಲ್ಲಿ ಈ ತರ್ಕ 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೆಯ ಕಲಮಿನಲ್ಲಿ ಇದೆ. ಕೇಂದ್ರದ ಯಾವುದೇ ಕಾಯ್ದೆಯಲ್ಲಿ ಇಂಥ ದಿನ‘ದಿಂದ’ ಎಂದಿದ್ದರೆ ಆ ಮೊದಲ ದಿನ ಲೆಕ್ಕಕ್ಕಿಲ್ಲ. ಇಂಥ ದಿನದ‘ವರೆಗೆ’ ಎಂದಿದ್ದರೆ ಆ ಕೊನೆಯ ದಿನ ಲೆಕ್ಕಕ್ಕುಂಟು. ದಾವೆ ಹೂಡಲು ಕಾಲಮಿತಿ ಹೇಳುವ 1963ರ ಲಿಮಿಟೇಶನ್ ಕಾಯ್ದೆಯ 12ನೆಯ ಕಲಮೂ ಇದನ್ನೇ ಹೇಳುತ್ತದೆ.

ಇನ್ನು ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆ ಕಟ್ಟಿಸುತ್ತಿದ್ದ ಗಿರಾಕಿಯೊಬ್ಬರು ಕಬ್ಬಿಣ, ಸಿಮೆಂಟು ಒಯ್ದು 1,80,000 ರೂಪಾಯಿಗೆ ಚೆಕ್ ಕೊಟ್ಟರು. ಚೆಕ್ಕಿನ ಮೇಲಿನ ತಾರೀಖು 2024ರ ಡಿಸೆಂಬರ್ 2. ಚೆಕ್ಕನ್ನು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. 2012ರ ಏಪ್ರಿಲ್‌ಗೆ ಮುಂಚೆ ಆರು ತಿಂಗಳಿತ್ತು. ನಮ್ಮ ವ್ಯಾಪಾರಿ ಅದೇ ವಾರ ಹಾಕಿದರು. ಡಿಸೆಂಬರ್ 9, ಸೋಮವಾರ ಸಂಜೆ ಮೊಬೈಲಿಗೆ ಮೆಸೇಜು ಬಂತು: ಖಾತೆಯಲ್ಲಿ ಹಣವಿಲ್ಲ, ಚೆಕ್ ವಾಪಸ್. ಮರುದಿನ ಬ್ಯಾಂಕಿಗೆ ಹೋಗಿ ರಿಟರ್ನ್ ಮೆಮೊ ತಂದರು.

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮು ಇಲ್ಲಿಂದ ಗಡಿಯಾರ ಓಡಿಸುತ್ತದೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ ಮೂವತ್ತು ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸು ಕೊಡಬೇಕು. ಮೊದಲು ಇದು ಹದಿನೈದೇ ದಿನವಿತ್ತು, 2002ರ ತಿದ್ದುಪಡಿ ಅದನ್ನು ಮೂವತ್ತಕ್ಕೆ ಏರಿಸಿತು.

“ಸಾರ್, ಮೆಮೊ 10ನೇ ತಾರೀಖು ಸಿಕ್ಕಿದ್ದು. ಒಂದು ತಿಂಗಳು ಟೈಮ್ ಇದೆಯಂತೆ. ಅಂದರೆ ಜನವರಿ 10ರ ತನಕ ಆರಾಮ, ಅಲ್ವಾ?” ಎಂದು ಇಂಥವರು ಕೇಳುತ್ತಾರೆ. ಒಂದೇ ಪ್ರಶ್ನೆಯಲ್ಲಿ ಎರಡು ತಪ್ಪು ಸೇರಿಕೊಂಡಿವೆ.

ಮೊದಲನೆಯದು ಶುರು ಎಲ್ಲಿಂದ ಎಂಬುದು. ಕಾನೂನು ಹೇಳುವುದು ‘ಮಾಹಿತಿ ಬಂದ’ ದಿನ. ಮೆಮೊ ಕೈಗೆ ಬಂದ ದಿನ ಎಂಬ ಮಾತು ಅದರಲ್ಲಿಲ್ಲ. 9ರ ಸಂಜೆಯ ಮೆಸೇಜು ಮಾಹಿತಿ ಅಲ್ಲ ಎಂದು ವಾದ ಮಾಡಬಹುದು, ಆದರೆ ಆ ವಾದ ಮಾಡಬೇಕಾದ ಸ್ಥಿತಿಗೆ ಯಾಕೆ ಹೋಗಬೇಕು? ನಾನಾದರೆ ಯಾವ ದಾರಿಯಲ್ಲಾದರೂ ಸರಿ, ಮೊದಲು ತಿಳಿದ ದಿನವನ್ನೇ ಹಿಡಿಯುತ್ತೇನೆ. ಎದುರಿನ ವಕೀಲರು ಬ್ಯಾಂಕಿನ ದಾಖಲೆ ತರಿಸಿ ಹಿಡಿಯುವುದೂ ಆ ದಿನವನ್ನೇ.

ಎರಡನೆಯದು ಮೂವತ್ತು ದಿನವನ್ನು ಒಂದು ತಿಂಗಳು ಎಂದುಕೊಂಡದ್ದು. 9ನ್ನು ಬಿಟ್ಟು 10ರಿಂದ ಎಣಿಸಿ. ಡಿಸೆಂಬರ್ 31ಕ್ಕೆ ಇಪ್ಪತ್ತೆರಡು ದಿನ ಆಗುತ್ತದೆ. ಉಳಿದದ್ದು ಎಂಟು. ಅಂದರೆ ಜನವರಿ 8, ಬುಧವಾರ ಕೊನೆಯ ದಿನ. ವ್ಯಾಪಾರಿ ಹೇಳಿದ 10ಕ್ಕೂ ಇದಕ್ಕೂ ಎರಡು ದಿನದ ಅಂತರ. ನೋಟಿಸಿನ ಈ ಮೂವತ್ತು ದಿನ ಮೀರಿದರೆ ನ್ಯಾಯಾಲಯ ಕ್ಷಮಿಸಲು ಕಾಯ್ದೆಯಲ್ಲಿ ದಾರಿಯೇ ಇಲ್ಲ. ಹಣ ವಸೂಲಿಗೆ ಸಿವಿಲ್ ದಾವೆ ಹಾಕಬಹುದು, ಆದರೆ 138ರ ಬಾಗಿಲು ಆ ವಾಪಸಾತಿಗೆ ಮುಚ್ಚಿತು. ಚೆಕ್ಕಿಗೆ ಇನ್ನೂ ಮೂರು ತಿಂಗಳ ಆಯುಷ್ಯ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಅದು ಮತ್ತೆ ವಾಪಸಾದರೆ ಹೊಸದಾಗಿ ಎಣಿಸಿಕೊಳ್ಳಬಹುದು. ಇಲ್ಲದಿದ್ದರೆ ಅದೂ ಇಲ್ಲ.

ನಮ್ಮ ವ್ಯಾಪಾರಿಯ ನೋಟಿಸು ಜನವರಿ 8ರಂದೇ ರಿಜಿಸ್ಟರ್ ಪೋಸ್ಟಿನಲ್ಲಿ ಹೋಯಿತು ಎಂದಿಟ್ಟುಕೊಳ್ಳೋಣ. ಕಳಿಸುವವರಿಗೆ ಅಂಚೆಗೆ ಹಾಕಿದ ದಿನ ಮುಖ್ಯ. ಹಾಗಾಗಿ ಅಂಚೆ ಕಚೇರಿಯ ರಸೀದಿಯನ್ನು ಕಡತದಲ್ಲಿ ಪಿನ್ ಮಾಡಿಡಬೇಕು. ಅದರ ಶಾಯಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅವತ್ತೇ ಒಂದು ಜೆರಾಕ್ಸ್ ಮಾಡಿಸುವುದು ಒಳ್ಳೆಯದು. ಚೆಕ್ ಕೊಟ್ಟವರಿಗಾದರೆ ನೋಟಿಸು ಕೈಗೆ ಬಂದ ದಿನ ಮುಖ್ಯ. ಅವರ ಮನೆಗೆ ಪೋಸ್ಟ್‌ಮ್ಯಾನ್ ಹೋದಾಗ ಬೀಗ ಹಾಕಿತ್ತು, ಹಬ್ಬಕ್ಕೆ ಊರಿಗೆ ಹೋಗಿದ್ದರು. ಸಂಕ್ರಾಂತಿ ಮುಗಿಸಿ ಬಂದು ಜನವರಿ 15ರಂದು ಸಹಿ ಹಾಕಿ ತೆಗೆದುಕೊಂಡರು. ಆ ಸಹಿಯಿರುವ ಸ್ವೀಕೃತಿ ಕಾರ್ಡು ನಾಲ್ಕು ದಿನದ ಮೇಲೆ ನಮ್ಮ ಕಚೇರಿಗೆ ವಾಪಸು ಬಂತು. ಸಹಿಯ ಕೆಳಗೆ ಪೆನ್ನಿನಲ್ಲಿ ಬರೆದ 15/1, ಪಕ್ಕದಲ್ಲಿ ಅಂಚೆಯ ದುಂಡು ಮೊಹರು. ಮೊಹರಿನ ತಾರೀಖು ಕೆಲವು ಸಲ ಬೇರೆಯಿರುತ್ತದೆ. ಅದು ಕಾರ್ಡು ವಾಪಸು ಹೊರಟ ದಿನದ್ದೂ ಆಗಿರಬಹುದು. ಅವಸರದಲ್ಲಿ ಮೊಹರನ್ನು ನೋಡಿ ಎಣಿಸಿ ಕೆಟ್ಟವರುಂಟು. ಅನುಮಾನ ಬಂದರೆ ರಸೀದಿಯ ನಂಬರು ಹಾಕಿ ಅಂಚೆ ಇಲಾಖೆಯ ಟ್ರ್ಯಾಕಿಂಗ್‌ನಲ್ಲಿ ವಿತರಣೆಯ ದಿನ ನೋಡಿ, ಅದನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಬೇಕು.

ನೋಟಿಸು ಕೈಗೆ ಬಂದ ಹದಿನೈದು ದಿನದೊಳಗೆ ಹಣ ಕೊಟ್ಟರೆ ಅಪರಾಧವೇ ಇಲ್ಲ. 15ನ್ನು ಬಿಟ್ಟು 16ನ್ನು ಒಂದು ಎಂದರೆ, ಜನವರಿ 30ಕ್ಕೆ ಹದಿನೈದು. ‘ಒಳಗೆ’ ಎಂಬ ಮಾತಿನ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಕೊನೆಯ ದಿನವೂ ಒಳಗೇ ಇದೆ, ಅದೂ ಪೂರ್ತಿಯಾಗಿ. 30ರ ರಾತ್ರಿ ಹನ್ನೊಂದೂವರೆಗೆ ಫೋನಿನಲ್ಲಿ ಹಣ ಕಳಿಸಿದರೂ ಅವರು ಸಮಯಕ್ಕೆ ಕೊಟ್ಟಂತೆಯೇ. ಹಾಗಾಗಿ ಅಪರಾಧ ಆಯಿತು ಎಂದು ಹೇಳಲು ಸಾಧ್ಯವಾಗುವುದು 31ರಂದು. ವಕೀಲರು ‘ಕಾಸ್ ಆಫ್ ಆಕ್ಷನ್’ ಎನ್ನುವ ದೂರಿನ ಕಾರಣ ಹುಟ್ಟುವುದು ಅವತ್ತು.

ತಡವಾದರೆ ತೊಂದರೆ ಎಂಬುದು ಎಲ್ಲರಿಗೂ ಗೊತ್ತು. ಬೇಗ ಹೋದರೂ ತೊಂದರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. “ಅವರು ಕೊಡಲ್ಲ ಸಾರ್, ನನಗೆ ಗೊತ್ತು. ಇವತ್ತೇ ಹಾಕಿಬಿಡಿ” ಎಂದು 30ರಂದೇ ದೂರು ಸಲ್ಲಿಸಿದರೆ ಅದು ದೂರೇ ಅಲ್ಲ. 2014ರಲ್ಲಿ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿದೆ. ಹದಿನೈದು ದಿನ ಮುಗಿಯುವ ಮುಂಚೆ ಬಂದ ದೂರನ್ನು, ಆಮೇಲೆ ದಿನ ಕಳೆದಿದೆ ಎಂಬ ಕಾರಣಕ್ಕೂ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಹೊಸದಾಗಿ ಹಾಕಬೇಕು.

ಇನ್ನು ದೂರು ಸಲ್ಲಿಸಲು ಎಷ್ಟು ದಿನ? ಅದೇ ಕಾಯ್ದೆಯ 142ನೆಯ ಕಲಮು ಹೇಳುವುದು, ಕಾರಣ ಹುಟ್ಟಿದ ದಿನದ ಒಂದು ತಿಂಗಳೊಳಗೆ. ಇಲ್ಲಿಯೂ ಮೊದಲ ದಿನ ಬಿಡಬೇಕೇ ಎಂಬ ಪ್ರಶ್ನೆ ದೇಶದ ನ್ಯಾಯಾಲಯಗಳನ್ನು ಹದಿನಾಲ್ಕು ವರ್ಷ ಕಾಡಿತು. ಅದರ ಎಳೆಯೊಂದು ಬೆಂಗಳೂರಿಗೂ ಬಂದು ಮುಟ್ಟುತ್ತದೆ.

1999ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸಾಕೇತ್ ಇಂಡಿಯಾ ಪ್ರಕರಣ ಬಂತು. ನೋಟಿಸು ತಲುಪಿದ್ದು 1995ರ ಸೆಪ್ಟೆಂಬರ್ 29ರಂದು. ಅದನ್ನು ಬಿಟ್ಟು ಎಣಿಸಿದರೆ ಹದಿನೈದು ದಿನ ಅಕ್ಟೋಬರ್ 14ಕ್ಕೆ ಮುಗಿಯಿತು. ಕಾರಣ ಹುಟ್ಟಿದ್ದು 15ಕ್ಕೆ. ದೂರು ಸಲ್ಲಿಸಿದ್ದು ನವೆಂಬರ್ 15ರಂದು. ಅಕ್ಟೋಬರ್ 15ನ್ನೂ ಸೇರಿಸಿದರೆ ತಿಂಗಳು ನವೆಂಬರ್ 14ಕ್ಕೇ ಮುಗಿದು ದೂರು ಒಂದು ದಿನ ತಡ. ಬಿಟ್ಟರೆ ಸರಿಯಾಗಿ ಕೊನೆಯ ದಿನ. ನ್ಯಾಯಾಲಯ ಬಿಡಬೇಕು ಎಂದಿತು, ದೂರು ಉಳಿಯಿತು.

ಅದೇ ವರ್ಷ ಬೆಂಗಳೂರಿನ ರೇಷ್ಮೆ ರಫ್ತುದಾರರೊಬ್ಬರ ಪ್ರಕರಣ ಬಂತು. ಅಮೆರಿಕದ ಕಂಪನಿಯೊಂದು ಕೊಟ್ಟ ಚೆಕ್ ವಾಪಸಾಗಿತ್ತು. ಇವರು 1996ರ ಜೂನ್ 11ರಂದು ನೋಟಿಸನ್ನು ಫ್ಯಾಕ್ಸ್ ಮಾಡಿದರು, ರಿಜಿಸ್ಟರ್ ಪೋಸ್ಟಿನಲ್ಲೂ ಕಳಿಸಿದರು. ಅಂಚೆಯ ನೋಟಿಸು ತಲುಪಿದ್ದು 25ಕ್ಕೆ. ದೂರು ಸಲ್ಲಿಸಿದ್ದು ಆಗಸ್ಟ್ 8ರಂದು. ಅಂಚೆಯ ದಿನ ಹಿಡಿದರೆ ದೂರು ಸಮಯಕ್ಕಿದೆ. ಆದರೆ ಫ್ಯಾಕ್ಸೂ ಲಿಖಿತ ನೋಟಿಸೇ ಎಂದು ಸುಪ್ರೀಂ ಕೋರ್ಟು ಹೇಳಿತು, ಗಡಿಯಾರ ಓಡಲು ಶುರುವಾದದ್ದು ಜೂನ್ 11ರಿಂದ. ದೂರು ಹತ್ತಕ್ಕೂ ಹೆಚ್ಚು ದಿನ ತಡವಾಗಿತ್ತು, ಹೋಯಿತು. ಎರಡು ದಾರಿಯಲ್ಲಿ ನೋಟಿಸು ಕಳಿಸಿದರೆ ಮೊದಲು ತಲುಪಿದ್ದನ್ನೇ ಎಣಿಸಬೇಕು ಎಂಬ ಪಾಠ ಇಲ್ಲಿದೆ. ವಾಟ್ಸಾಪ್‌ನಲ್ಲಿ ಒಂದು ಪ್ರತಿ, ಅಂಚೆಯಲ್ಲಿ ಒಂದು ಪ್ರತಿ ಕಳಿಸುವ ಈ ಕಾಲದಲ್ಲಿ ನನಗೆ ಈ ಪ್ರಕರಣ ಪದೇ ಪದೇ ನೆನಪಾಗುತ್ತದೆ.

ಆ ತೀರ್ಪಿನಲ್ಲಿ ಇನ್ನೊಂದು ಮಾತೂ ಬಂದಿತ್ತು. ಅಪರಾಧ ಪೂರ್ಣವಾದ ಕೂಡಲೇ ಕಾರಣ ಹುಟ್ಟುತ್ತದೆ, ದೂರಿನ ಕಾಲಮಿತಿಯೂ ಅದರ ಜೊತೆಜೊತೆಗೇ ಓಡಲು ಶುರುವಾಗುತ್ತದೆ ಎಂದು. ಜೊತೆಜೊತೆಗೆ ಎಂದರೆ ಆ ದಿನವೂ ಲೆಕ್ಕಕ್ಕೆ ಸೇರಿದಂತಾಯಿತಲ್ಲ? ಸಾಕೇತ್ ತೀರ್ಪು ಬಿಡಿ ಎಂದಿತ್ತು, ಇದು ಸೇರಿಸಿ ಎಂದಂತೆ ಕಂಡಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳೇ. ದೂರುದಾರರ ವಕೀಲರು ಒಂದನ್ನು ಓದಿದರೆ ಆರೋಪಿಯ ವಕೀಲರು ಇನ್ನೊಂದನ್ನು ಓದುತ್ತಿದ್ದರು.

ಈ ಗೊಂದಲವನ್ನು ಬಗೆಹರಿಸಿದ್ದು 2013ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಎಕಾನ್ ಆಂತ್ರಿ ಪ್ರಕರಣದಲ್ಲಿ. ಅಲ್ಲಿ ಎದ್ದ ವಾದ ಬಹಳ ಸೂಕ್ಷ್ಮದ್ದು. ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಚೆಕ್ ಬ್ಯಾಂಕಿಗೆ ಹಾಕುವ ಅವಧಿಗೆ ‘ಫ್ರಮ್’ ಎಂಬ ಪದವಿದೆ. ನೋಟಿಸಿಗೂ, ಹಣ ಕಟ್ಟುವುದಕ್ಕೂ, ದೂರಿಗೂ ಇರುವುದು ‘ಆಫ್’ ಎಂಬ ಪದ. ಕನ್ನಡಕ್ಕೆ ತರುವುದಾದರೆ ಒಂದು ಕಡೆ ‘ದಿನದಿಂದ’, ಇನ್ನೊಂದು ಕಡೆ ‘ದಿನದ’. 1897ರ ಕಾಯ್ದೆ ಮೊದಲ ದಿನ ಬಿಡಿ ಎಂದದ್ದು ‘ಫ್ರಮ್’ ಇದ್ದ ಕಡೆ ಮಾತ್ರ. ಶಾಸಕರು ಒಂದೇ ಕಾಯ್ದೆಯಲ್ಲಿ ಎರಡು ಪದ ಬಳಸಿದ್ದಾರೆಂದರೆ ಅದಕ್ಕೆ ಎರಡು ಅರ್ಥ ಇರಲೇಬೇಕು, ‘ಆಫ್’ ಇರುವಲ್ಲಿ ಮೊದಲ ದಿನವನ್ನೂ ಎಣಿಸಿ ಎಂಬುದು ವಾದ. ಕೇಳಲು ಗಟ್ಟಿಯಾಗಿಯೇ ಇದೆ. ಪೀಠ ಒಪ್ಪಲಿಲ್ಲ. ಇಲ್ಲಿ ‘ಆಫ್’ ಎಂದರೂ ‘ಫ್ರಮ್’ ಎಂದರೂ ‘ಆಫ್ಟರ್’ ಎಂದರೂ ಅರ್ಥ ಒಂದೇ. ಒಂದು ಘಟನೆ ನಡೆದ ಮೇಲೆ ಇಷ್ಟು ದಿನದೊಳಗೆ ಒಂದು ಕೆಲಸ ಮಾಡಿ ಎಂದರೆ, ಘಟನೆ ನಡೆದ ದಿನ ಹೊರಗೆ. ಸಾಕೇತ್ ತೀರ್ಪೇ ಸರಿ ಎಂದಾಯಿತು.

ನನಗೆ ಈ ತೀರ್ಪು ಹಿಡಿಸುವುದು ಇದೇ ಕಾರಣಕ್ಕೆ. ವಿಭಕ್ತಿ ಪ್ರತ್ಯಯದ ಮೇಲೆ ನ್ಯಾಯ ನಿಲ್ಲಬಾರದು. ಅಂಗಡಿಯವರೂ ರೈತರೂ ಓದಿ ನಡೆದುಕೊಳ್ಳಬೇಕಾದ ಕಾನೂನಿನಲ್ಲಿ ಒಂದೇ ಲೆಕ್ಕ ಎಲ್ಲ ಹಂತಕ್ಕೂ ಇರಬೇಕು.

ಹಾಗಾದರೆ ನಮ್ಮ ತಿಪಟೂರಿನ ವ್ಯಾಪಾರಿಯ ಕೊನೆಯ ದಿನ ಯಾವುದು? ಕಾರಣ ಹುಟ್ಟಿದ್ದು 2025ರ ಜನವರಿ 31. ಅದನ್ನು ಬಿಡಿ. ಫೆಬ್ರುವರಿ 1ರಿಂದ ಒಂದು ತಿಂಗಳು. ತಿಂಗಳು ಎಂದರೆ ಮೂವತ್ತು ದಿನವಲ್ಲ, ಕ್ಯಾಲೆಂಡರಿನ ತಿಂಗಳು ಎಂದು ಅದೇ 1897ರ ಕಾಯ್ದೆ ಹೇಳಿದೆ. ಸಾಮಾನ್ಯ ಸೂತ್ರ ಸುಲಭ. ಯಾವ ತಾರೀಖನ್ನು ಬಿಟ್ಟಿರೋ ಮುಂದಿನ ತಿಂಗಳ ಅದೇ ತಾರೀಖಿಗೆ ಅವಧಿ ಮುಗಿಯುತ್ತದೆ. 15 ಬಿಟ್ಟರೆ ಮುಂದಿನ 15. ಆದರೆ ಫೆಬ್ರುವರಿಗೆ 31 ಇಲ್ಲ. ಆಗ ಆ ತಿಂಗಳ ಕಡೆಯ ದಿನಕ್ಕೇ ಮುಗಿಯಿತು. ಅಂದರೆ ಫೆಬ್ರುವರಿ 28, ಶುಕ್ರವಾರ.

ಇದೇ ಬಗೆಯ ತಿಂಗಳ ಕೊನೆಯ ಪ್ರಶ್ನೆ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಆಗ ಚೆಕ್ಕಿಗೆ ಆರು ತಿಂಗಳ ಆಯುಷ್ಯ. ಚೆಕ್ಕಿನ ತಾರೀಖು 2005ರ ಡಿಸೆಂಬರ್ 31, ಬ್ಯಾಂಕಿಗೆ ಬಂದದ್ದು 2006ರ ಜೂನ್ 30. ಡಿಸೆಂಬರ್ 31ನ್ನು ಬಿಟ್ಟು ಆರು ಕ್ಯಾಲೆಂಡರ್ ತಿಂಗಳು ಎಣಿಸಿದರೆ ಜೂನ್ 30ಕ್ಕೆ ಮುಗಿಯುತ್ತದೆ, ಆದ್ದರಿಂದ ಚೆಕ್ ಸಮಯಕ್ಕೆ ಬಂದಿದೆ ಎಂದು 2014ರಲ್ಲಿ ತೀರ್ಪಾಯಿತು.

ಈಗ ವ್ಯಾಪಾರಿಯ ತಲೆಯಲ್ಲಿ ನೋಟಿಸಿನ ಮೂವತ್ತು ದಿನವೇ ಉಳಿದುಬಿಟ್ಟಿದ್ದರೆ ಏನಾಗುತ್ತಿತ್ತು ನೋಡಿ. ಫೆಬ್ರುವರಿ 1ರಿಂದ ಮೂವತ್ತು ದಿನ ಎಣಿಸಿದರೆ ಮಾರ್ಚ್ 2ಕ್ಕೆ ಬರುತ್ತದೆ. ಅದು ಭಾನುವಾರ, ಹಾಗಾಗಿ ಸೋಮವಾರ 3ರಂದು ಹೋಗೋಣ ಎಂದುಕೊಳ್ಳುತ್ತಿದ್ದರು. ಹೋದಾಗ ಮೂರು ದಿನ ತಡ. ಡಿಸೆಂಬರಿನಲ್ಲಿ ಮೂವತ್ತು ದಿನವನ್ನು ತಿಂಗಳು ಎಂದುಕೊಂಡು ತಡವಾಗುತ್ತಿತ್ತು, ಫೆಬ್ರುವರಿಯಲ್ಲಿ ತಿಂಗಳನ್ನು ಮೂವತ್ತು ದಿನ ಎಂದುಕೊಂಡು ತಡವಾಗುತ್ತಿತ್ತು. ತಿಂಗಳು ಕೆಲವೊಮ್ಮೆ ಮೂವತ್ತಕ್ಕಿಂತ ಉದ್ದ, ಕೆಲವೊಮ್ಮೆ ಗಿಡ್ಡ. ಕಾಯ್ದೆ ದಿನ ಎಂದಿದ್ದರೆ ದಿನ ಎಣಿಸಬೇಕು, ತಿಂಗಳು ಎಂದಿದ್ದರೆ ಕ್ಯಾಲೆಂಡರು ನೋಡಬೇಕು. ದೂರಿನ ಹಂತದ ತಡಕ್ಕೆ ಮಾತ್ರ, ಸಾಕಷ್ಟು ಕಾರಣ ತೋರಿಸಿದರೆ ಮನ್ನಿಸುವ ಅಧಿಕಾರವನ್ನು 2002ರ ತಿದ್ದುಪಡಿ ನ್ಯಾಯಾಲಯಕ್ಕೆ ಕೊಟ್ಟಿದೆ. “ಎಣಿಸುವಾಗ ತಪ್ಪಾಯಿತು” ಎಂಬುದು ಸಾಕಷ್ಟು ಕಾರಣವೋ ಅಲ್ಲವೋ ಎಂಬುದು ಆ ದಿನ ಆ ನ್ಯಾಯಾಧೀಶರಿಗೆ ಬಿಟ್ಟದ್ದು. ಅದರ ಮೇಲೆ ಯಾರೂ ಭರವಸೆ ಇಟ್ಟುಕೊಳ್ಳಬಾರದು.

ರಜೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೊನೆಯ ದಿನ ನ್ಯಾಯಾಲಯವೋ ಸರ್ಕಾರಿ ಕಚೇರಿಯೋ ಮುಚ್ಚಿದ್ದರೆ, ಅದು ತೆರೆದ ಮುಂದಿನ ದಿನ ಕೆಲಸ ಮಾಡಿದರೆ ಸಾಕು ಎಂದು 1897ರ ಕಾಯ್ದೆಯ 10ನೆಯ ಕಲಮು ಹೇಳುತ್ತದೆ. ನಮ್ಮ ವ್ಯಾಪಾರಿಯ ಕೊನೆಯ ದಿನ ಫೆಬ್ರುವರಿ 26 ಆಗಿದ್ದರೆ, ಅವತ್ತು ಶಿವರಾತ್ರಿ, 27ರಂದು ಸಲ್ಲಿಸಿದರೆ ನಡೆಯುತ್ತಿತ್ತು. ನಡುವೆ ಬರುವ ಭಾನುವಾರ, ಹಬ್ಬಗಳು ಎಂದಿನಂತೆ ಲೆಕ್ಕಕ್ಕೆ ಸೇರುತ್ತವೆ, ಅವನ್ನು ಕಳೆಯುವಂತಿಲ್ಲ. ಮತ್ತೆ ಈ ರಿಯಾಯಿತಿ ಇರುವುದು ನ್ಯಾಯಾಲಯದಲ್ಲಿ ಅಥವಾ ಕಚೇರಿಯಲ್ಲಿ ಮಾಡಬೇಕಾದ ಕೆಲಸಕ್ಕೆ. ಸಾಲಗಾರರು ಅಂಗಡಿಯವರ ಕೈಗೆ ಹಣ ಕೊಡಬೇಕಾದ ಹದಿನೈದನೆಯ ದಿನ ಭಾನುವಾರ ಬಂದರೆ ಸೋಮವಾರಕ್ಕೆ ಜಾರಿಸಿಕೊಳ್ಳಬಹುದು ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ.

‘ಒಳಗೆ’ ಮತ್ತು ‘ಇಂದ’ ಆಯಿತು. ‘ಮೀರದಂತೆ’ ಎಂಬ ಇನ್ನೊಂದು ಪದವಿದೆ. ಇಷ್ಟು ದಿನ ಮೀರದಂತೆ, ಇಂಥ ದಿನಕ್ಕಿಂತ ತಡವಾಗದಂತೆ ಎಂದು ಕಾನೂನುಗಳಲ್ಲೂ ಕರಾರುಗಳಲ್ಲೂ ಬರುತ್ತದೆ. ಎಣಿಕೆಯ ಮಟ್ಟಿಗೆ ಇದು ‘ಒಳಗೆ’ ಎಂಬುದಕ್ಕಿಂತ ಬೇರೆಯಲ್ಲ. ಮೊದಲ ದಿನ ಬಿಡಬೇಕು, ಕೊನೆಯ ದಿನ ಸೇರಿಸಬೇಕು. ವ್ಯತ್ಯಾಸವಿರುವುದು ಅದರ ಬಿಗಿಯಲ್ಲಿ. ಸಿವಿಲ್ ದಾವೆಯಲ್ಲಿ ಸಮನ್ಸ್ ಜಾರಿಯಾದ ದಿನದಿಂದ ಮೂವತ್ತು ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಆಗದಿದ್ದರೆ ನ್ಯಾಯಾಲಯ ಇನ್ನಷ್ಟು ದಿನ ಕೊಡಬಹುದು, ಆದರೆ ಅದು ತೊಂಬತ್ತು ದಿನ ಮೀರದಂತೆ. ಇಲ್ಲಿ ‘ಒಳಗೆ’ ಎಂಬುದು ಮನೆಯ ಬಾಗಿಲಾದರೆ ‘ಮೀರದಂತೆ’ ಎಂಬುದು ಕಾಂಪೌಂಡ್ ಗೋಡೆ. ಸಾಮಾನ್ಯ ದಾವೆಗಳಲ್ಲಿ ಬಹಳ ವಿಶೇಷ ಕಾರಣವಿದ್ದರೆ ಆ ಗೋಡೆಯನ್ನೂ ದಾಟಲು ಬಿಡಬಹುದು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತ್ತು. ವಾಣಿಜ್ಯ ದಾವೆಗಳಲ್ಲಿ ಮಾತ್ರ ಹಾಗಿಲ್ಲ. ಅಲ್ಲಿ ಗೋಡೆ ಇರುವುದು ನೂರಿಪ್ಪತ್ತು ದಿನಕ್ಕೆ. 2019ರ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಸಮನ್ಸ್ ಜಾರಿಯಾದದ್ದು 2017ರ ಜುಲೈ 14. ಅದನ್ನು ಬಿಟ್ಟು ನೂರಿಪ್ಪತ್ತು ಎಣಿಸಿದರೆ ನವೆಂಬರ್ 11. ಲಿಖಿತ ಹೇಳಿಕೆ ಬಂದದ್ದು ಡಿಸೆಂಬರ್ 15ಕ್ಕೆ. ಅದನ್ನು ಕಡತಕ್ಕೆ ಸೇರಿಸಿಕೊಳ್ಳುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲ ಎಂದಾಯಿತು. ಪ್ರತಿವಾದಿ ತನ್ನ ಕಡೆಯ ಮಾತನ್ನು ಬರೆದು ಹೇಳುವ ಹಕ್ಕನ್ನೇ ಕಳೆದುಕೊಂಡ.

ಖಾಸಗಿ ಕರಾರು ಬರೆಯುವವರಿಗೆ ಒಂದು ಮಾತು. ಕನ್ನಡದಲ್ಲಿ “31ರ ಒಳಗೆ ಕೊಡತಕ್ಕದ್ದು” ಎಂದರೆ ಕೆಲವರು 31 ಸೇರಿ ಎನ್ನುತ್ತಾರೆ, ಕೆಲವರು 30ಕ್ಕೇ ಮುಗಿಯಿತು ಎನ್ನುತ್ತಾರೆ. “31ಕ್ಕೆ ಮೊದಲು” ಎಂದರೆ 31 ಹೊರಗೆ ಎಂಬುದರಲ್ಲಿ ಅನುಮಾನ ಕಡಿಮೆ. ಬಾಡಿಗೆ ಕರಾರಿರಲಿ, ಜಮೀನಿನ ಅಗ್ರಿಮೆಂಟಿರಲಿ, ‘ಮೂರು ತಿಂಗಳೊಳಗೆ’ ಎಂದು ಬಿಡುವ ಬದಲು ‘2026ರ ಮಾರ್ಚ್ 31ರ ಸಂಜೆ 5 ಗಂಟೆಯವರೆಗೆ, ಆ ದಿನವೂ ಸೇರಿ’ ಎಂದು ಬರೆದರೆ ಎಣಿಸುವ ಕೆಲಸವೇ ಇರುವುದಿಲ್ಲ. ಪತ್ರ ಬರೆಯುವವರು ಇದಕ್ಕೆ ಒಂದು ಸಾಲು ಹೆಚ್ಚು ಬರೆಯಬೇಕು, ಅಷ್ಟೇ.

ಮೊದಲ ದಿನ ಒಂದಾಗುವ ಜಾಗಕ್ಕೆ ಈಗ ಬರುತ್ತೇನೆ. ಅದು ಜೈಲು. ಬಂಧಿಸಿದ ವ್ಯಕ್ತಿಯನ್ನು ಮ್ಯಾಜಿಸ್ಟ್ರೇಟರು ರಿಮ್ಯಾಂಡ್ ಮಾಡಿದ ಮೇಲೆ ಅರವತ್ತು ದಿನದಲ್ಲಿ, ದೊಡ್ಡ ಅಪರಾಧವಾದರೆ ತೊಂಬತ್ತು ದಿನದಲ್ಲಿ, ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 167ನೆಯ ಕಲಮಿನಲ್ಲಿದ್ದ ಇದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ರಲ್ಲಿದೆ. ರಿಮ್ಯಾಂಡ್ ಮಾಡಿದ ದಿನವನ್ನು ಎಣಿಸಬೇಕೇ ಬೇಡವೇ ಎಂಬುದರ ಬಗ್ಗೆ ಸುಪ್ರೀಂ ಕೋರ್ಟಿನಲ್ಲೇ ಎರಡು ಬಗೆಯ ತೀರ್ಪುಗಳಿದ್ದವು. 2023ರ ಮಾರ್ಚ್ 27ರಂದು ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್, ಹೃಷಿಕೇಶ್ ರಾಯ್ ಮತ್ತು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರ ಪೀಠ ಅದನ್ನು ತೀರ್ಮಾನಿಸಿತು. ಆ ದಿನವನ್ನು ಎಣಿಸಲೇಬೇಕು.

ಕಾರಣ ಸರಳ. ನೋಟಿಸು ತಲುಪಿದ ದಿನದಲ್ಲಿ ಸಾಲಗಾರನಿಗೆ ಪೂರ್ತಿ ದಿನ ಸಿಗುವುದಿಲ್ಲ, ಆದ್ದರಿಂದ ಬಿಡುತ್ತೇವೆ. ರಿಮ್ಯಾಂಡ್ ಆದ ದಿನ ಹಾಗಲ್ಲ. ಅವತ್ತಿನಿಂದಲೇ ಮನುಷ್ಯನೊಬ್ಬ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಬಂಧನದಲ್ಲಿರುತ್ತಾನೆ. ಆ ದಿನವನ್ನು ಲೆಕ್ಕದಿಂದ ಬಿಟ್ಟರೆ ಅವತ್ತು ಅವನನ್ನು ಇಟ್ಟುಕೊಂಡದ್ದು ಯಾವ ಅಧಿಕಾರದಿಂದ? ಆ ಕಲಮಿನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಮಾತೂ ಇಲ್ಲ, ಹಾಗಾಗಿ 1897ರ ಕಾಯ್ದೆಯ ಸೂತ್ರ ಅಲ್ಲಿಗೆ ಬರುವುದಿಲ್ಲ.

ಆ ಪ್ರಕರಣದಲ್ಲಿ ಆರೋಪಿಗಳನ್ನು ರಿಮ್ಯಾಂಡ್ ಮಾಡಿದ್ದು 2020ರ ಮೇ 14ರಂದು. ತನಿಖಾ ಸಂಸ್ಥೆ ಜಾರಿ ನಿರ್ದೇಶನಾಲಯ. ಮೇ 14ನ್ನು ಒಂದು ಎಂದು ಎಣಿಸಿದರೆ ಮೇ ಮುಗಿಯುವಾಗ ಹದಿನೆಂಟು, ಜೂನ್ ಮುಗಿಯುವಾಗ ನಲವತ್ತೆಂಟು, ಜುಲೈ 12ಕ್ಕೆ ಅರವತ್ತು. ಅವತ್ತು ಭಾನುವಾರ. ಸೊನ್ನೆ ಎಂದು ಎಣಿಸಿದರೆ ಅರವತ್ತನೆಯ ದಿನ ಜುಲೈ 13, ಸೋಮವಾರ. ದೋಷಾರೋಪದ ದೂರು ನ್ಯಾಯಾಲಯದಲ್ಲಿ ಭೌತಿಕವಾಗಿ ಸಲ್ಲಿಕೆಯಾದದ್ದು ಆ ಸೋಮವಾರ. ಆರೋಪಿಗಳು ಜಾಮೀನು ಕೇಳಿ ಅರ್ಜಿ ಹಾಕಿದ್ದೂ ಅದೇ ಸೋಮವಾರ. ಮೇ 14 ಲೆಕ್ಕಕ್ಕೆ ಸೇರಿತು, ಅರವತ್ತು ದಿನ ಭಾನುವಾರಕ್ಕೇ ಮುಗಿದಿತ್ತು, ಜಾಮೀನಿನ ಹಕ್ಕು ಹುಟ್ಟಿತ್ತು.